ಹೂಂಗುಟ್ಟುವ ಜಾಗ: ಕನ್ನಡದ ಉದ್ದ ವಾಕ್ಯ ಇಂಗ್ಲಿಷಿಗೆ ಹೋಗುವಾಗ



ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಿಂತು ಅನುವಾದದ ಬಗ್ಗೆ ಮಾತಾಡುವವರು ಮಡಕೆಯ ಸುದ್ದಿಯಿಂದಲೇ ಶುರು ಮಾಡಿದರೆ ತಪ್ಪಿಲ್ಲ. ಒಂದು ವಾಕ್ಯ ಹೇಳುತ್ತೇನೆ. ಇದು ಇವತ್ತಿನ ಮಾತಿಗಾಗಿ ನಾನೇ ಕಟ್ಟಿದ್ದು, ಇದರಲ್ಲಿ ಬರುವ ಸಿದ್ದಯ್ಯ ನಿಜವಾದ ಯಾರೂ ಅಲ್ಲ. 'ಕೆರೆಯ ಅಂಗಳದಿಂದ ಮಣ್ಣನ್ನು ಗಾಡಿಯಲ್ಲಿ ತುಂಬಿಸಿಕೊಂಡು ಬಂದು, ಕಲ್ಲುಕಡ್ಡಿಗಳನ್ನು ಆರಿಸಿ ತೆಗೆದು, ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಎದ್ದು ಕಾಲಿನಿಂದ ತುಳಿದು ಹದಮಾಡಿ, ತಿಗರಿಯ ಮೇಲಿಟ್ಟು ಮಡಕೆ ಮಾಡಿ, ನೆರಳಿನಲ್ಲಿ ಒಣಗಿಸಿ, ಆವಿಗೆಯಲ್ಲಿಟ್ಟು ಸುಟ್ಟು, ಬಿರುಕು ಬಿಟ್ಟವನ್ನು ಬೇರೆ ಮಾಡಿ, ಉಳಿದವನ್ನು ಸಂತೆಗೆ ಹೊತ್ತುಕೊಂಡು ಹೋಗಿ ಮಾರಿದ ಹಣದಿಂದ ಸಿದ್ದಯ್ಯ ಮಗಳ ಮದುವೆಗೆ ಮಾಡಿದ್ದ ಸಾಲವನ್ನು ತೀರಿಸಿದನಂತೆ.' ಕೇಳಿದ ಯಾರಿಗೂ ಇದು ತೊಡಕಿನ ವಾಕ್ಯ ಅನ್ನಿಸಿರಲಾರದು. ಆದರೆ ಎಣಿಸಿ ನೋಡಿ. ಬಂದು, ತೆಗೆದು, ತುಳಿದು, ಸುಟ್ಟು ಎಂಬಂಥ ಕೃದಂತಾವ್ಯಯಗಳು 16 ಇವೆ. ಬಿಟ್ಟ, ಉಳಿದ, ಮಾರಿದ, ಮಾಡಿದ್ದ ಎಂದು ನಾಮಪದಕ್ಕೆ ಅಂಟುವ ಕೃದಂತಗಳು 4. ಪೂರ್ಣ ಕ್ರಿಯಾಪದ ಒಂದೇ ಒಂದು, ಅದೂ ಕೊನೆಯಲ್ಲಿ. ಇದನ್ನು ಇಂಗ್ಲಿಷಿಗೆ ಒಯ್ಯುವವರು ಕಡಿಯಲೇಬೇಕು, ಅದರಲ್ಲಿ ವಿವಾದವಿಲ್ಲ. ಎಲ್ಲಿ ಕಡಿಯಬೇಕು ಎನ್ನುವುದೇ ಪ್ರಶ್ನೆ. ಆ ಜಾಗವನ್ನು ಇಂಗ್ಲಿಷಿನ ವ್ಯಾಕರಣ ತೋರಿಸುವುದಿಲ್ಲ, ಅದು ಕನ್ನಡ ವಾಕ್ಯದ ಒಳಗೇ ಇರುತ್ತದೆ ಎಂಬುದು ಈ ಉಪನ್ಯಾಸದ ವಾದ.

ಮೊದಲು ಒಂದು ಅಪವಾದವನ್ನು ಬದಿಗಿಡೋಣ. ಇಂಥ ಉದ್ದ ವಾಕ್ಯ ಕಚೇರಿಯ ಕಾಗದದಿಂದಲೋ ಪಂಡಿತರ ಗದ್ಯದಿಂದಲೋ ಬಂದ ರೋಗ ಎಂದು ಹೇಳುವವರಿದ್ದಾರೆ. ನಮಗೆ ಸಿಕ್ಕಿರುವ ಹಳೆಯ ಗದ್ಯ ವಡ್ಡಾರಾಧನೆಯಲ್ಲೇ ಕ್ರಿಯೆಯ ಮೇಲೆ ಕ್ರಿಯೆ ಪೋಣಿಸಿಕೊಂಡು ಸಾಗುವ ವಾಕ್ಯಗಳು ತುಂಬಿವೆ. ಅಕ್ಷರ ಬಾರದವರು ಹೇಳುವ ಕಥೆಯಲ್ಲೂ ಅವು ಅಷ್ಟೇ ಸಲೀಸು. 'ಬಂದನು, ಕೂತನು, ಉಂಡನು, ಎದ್ದನು' ಎಂದು ಪ್ರತಿ ಕ್ರಿಯೆಗೂ ಪೂರ್ಣ ರೂಪ ಕೊಟ್ಟರೇ ಕನ್ನಡದ ಕಿವಿಗೆ ಏನೋ ವಿಶೇಷ ನಡೆಯುತ್ತಿದೆ ಅನ್ನಿಸುವುದು. 'ಬಂದು ಕೂತು ಉಂಡು ಎದ್ದನು' ಎಂಬುದೇ ಸಾದಾ ಮಾತು. ಅಂದಮೇಲೆ ಸಾದಾ ಮಾತು ಇಂಗ್ಲಿಷಿನಲ್ಲೂ ಸಾದಾ ಆಗಿಯೇ ಕೇಳಿಸಬೇಕು. ಕನ್ನಡದಲ್ಲಿ ಯಾರ ಗಮನಕ್ಕೂ ಬಾರದ ಉದ್ದ ಇಂಗ್ಲಿಷಿನಲ್ಲಿ ಎದ್ದು ಕಂಡರೆ, ಲೇಖಕ ಆಡದ ಮಾತೊಂದನ್ನು ಅನುವಾದಕ ಸೇರಿಸಿದ ಹಾಗೆ.

ಈ ಉದ್ದ ಎರಡು ನುಡಿಗಳಲ್ಲಿ ಬೇರೆಬೇರೆಯಾಗಿ ಕೇಳಿಸುವುದಕ್ಕೆ ಕಾರಣವಿದೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಇಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂದೆ ಶಿಕಾಗೋದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಪ್ರಾಚೀನ ತಮಿಳು ಕವಿತೆಗಳ ಅನುವಾದದ ಬಗ್ಗೆ ಬರೆಯುವಾಗ ಇದನ್ನು ಬಿಡಿಸಿ ತೋರಿಸಿದ್ದಾರೆ. ದ್ರಾವಿಡ ವಾಕ್ಯ ಎಡಕ್ಕೆ ಕವಲೊಡೆಯುತ್ತದೆ, ಇಂಗ್ಲಿಷ್ ವಾಕ್ಯ ಬಲಕ್ಕೆ. ಒಂದು ಇನ್ನೊಂದರ ಕನ್ನಡಿಬಿಂಬ. ತಮಿಳಿಗೆ ಅವರು ಹೇಳಿದ್ದು ಕನ್ನಡಕ್ಕೂ ಒಪ್ಪುತ್ತದೆ. ನಮ್ಮಲ್ಲಿ ವಿವರವೆಲ್ಲ ಮೊದಲು ಬಂದು ಮುಖ್ಯ ಕ್ರಿಯೆ ಕೊನೆಗೆ ಬರುತ್ತದೆ. ಪ್ರತಿ ಕೃದಂತವೂ 'ಇನ್ನೂ ಇದೆ' ಎಂದು ಹೇಳುತ್ತ ಹೋಗುವುದರಿಂದ ಕೇಳುಗ ತಾಳ್ಮೆಯಿಂದ ಕಾಯುತ್ತಾನೆ. ಇಂಗ್ಲಿಷ್ ಓದುಗನಿಗೆ ಯಾರು, ಏನು ಮಾಡಿದರು ಎಂಬುದು ಮೊದಲ ನಾಲ್ಕೈದು ಪದಗಳಲ್ಲೇ ಸಿಗಬೇಕು. ಸಿಕ್ಕಿದ ಮೇಲೆ ಎಷ್ಟು ಉದ್ದಕ್ಕಾದರೂ ಬರುತ್ತಾನೆ. ಆದ್ದರಿಂದ ಇಂಗ್ಲಿಷಿನಲ್ಲೂ ಮಹಾ ಲೇಖಕರು ಅರ್ಧ ಪುಟದ ವಾಕ್ಯ ಬರೆದಿಲ್ಲವೇ ಎಂಬ ಆಕ್ಷೇಪ ನಿಜವಾದರೂ ಗುರಿಗೆ ತಾಗುವುದಿಲ್ಲ. ಅಲ್ಲಿ ಅಡ್ಡಿಯಾಗುವುದು ಉದ್ದವಲ್ಲ, ಹೊರೆ ಮುಖ್ಯ ಕ್ರಿಯೆಗಿಂತ ಮುಂಚೆ ಬೀಳುವುದು.

ಇಂಗ್ಲಿಷಿನಲ್ಲೂ ಕೃದಂತವಿದೆಯಲ್ಲ, ಅದನ್ನೇ ಬಳಸಬಾರದೇ ಎಂದು ಕೇಳುವವರಿಗೆ ಉತ್ತರ ಸುಲಭವಲ್ಲ, ಏಕೆಂದರೆ ಆ ದಾರಿ ತುಂಬ ಹಳೆಯದು. ಮಂಗಳೂರಿನಲ್ಲಿ 1903ರಲ್ಲಿ ಅಚ್ಚಾದ ಕಿಟೆಲ್ಲರ ವ್ಯಾಕರಣ, ಇದೇ ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ 1914ರಲ್ಲಿ ಅಚ್ಚಾದ ಹೆರಾಲ್ಡ್ ಸ್ಪೆನ್ಸರರ ವ್ಯಾಕರಣ, ಇಂಥ ಪುಸ್ತಕಗಳು ಕನ್ನಡ ಕಲಿಯುವ ಇಂಗ್ಲಿಷರಿಗಾಗಿ ಬಂದವು. ಆ ಪಾಠದ ಪರಂಪರೆಯಲ್ಲಿ 'ಮಾಡಿ' ಎಂದರೆ 'ಹ್ಯಾವಿಂಗ್ ಡನ್', 'ಹೋಗಿ' ಎಂದರೆ 'ಹ್ಯಾವಿಂಗ್ ಗಾನ್'. ರೂಪ ತಿಳಿಯಲು ಅದು ಒಳ್ಳೆಯ ಊರುಗೋಲು. ಊರುಗೋಲನ್ನೇ ಅನುವಾದ ಎಂದುಕೊಂಡಾಗ ನಮ್ಮ ಸಿದ್ದಯ್ಯ 'ಹ್ಯಾವಿಂಗ್ ಬ್ರಾಟ್, ಹ್ಯಾವಿಂಗ್ ಪಿಕ್ಡ್, ಹ್ಯಾವಿಂಗ್ ಸೋಕ್ಡ್, ಹ್ಯಾವಿಂಗ್ ಟ್ರಾಡನ್' ಎಂದು ಶಾಸನದ ಭಾಷೆಯಲ್ಲಿ ಮಡಕೆ ಮಾಡಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇಂಥದು ಒಂದು ಬಂದರೆ 'ಅದು ಮುಗಿದ ಮೇಲೆಯೇ ಇದು' ಎಂಬ ಒತ್ತು ಕೊಡುತ್ತದೆ, ಎರಡು ಬಂದರೆ ಗಂಭೀರ, ಮೂರನೆಯದಕ್ಕೆ ಓದುಗ ಮೊದಲನೆಯದನ್ನು ಮರೆತಿರುತ್ತಾನೆ. ಕನ್ನಡದ 'ಇ', 'ಉ' ಪ್ರತ್ಯಯಗಳಿಗೆ ಆ ಒತ್ತೇ ಇಲ್ಲ.

ಇದಕ್ಕೆ ಹೆದರಿದ ಅನುವಾದಕ ಇನ್ನೊಂದು ಕೊನೆಗೆ ಓಡುತ್ತಾನೆ: ಪ್ರತಿ ಕೃದಂತಕ್ಕೂ ಒಂದು ಪೂರ್ಣವಿರಾಮ. 'ಹಿ ಗಾಟ್ ಅಪ್. ಹಿ ಟ್ರಾಡ್ ದ ಕ್ಲೇ. ಹಿ ಮೇಡ್ ಇಟ್ ಸಾಫ್ಟ್. ಹಿ ಪುಟ್ ಇಟ್ ಆನ್ ದ ವೀಲ್.' ವ್ಯಾಕರಣ ಸರಿ, ಆದರೆ ಒಂದನೆಯ ತರಗತಿಯ ಪಾಠ. ಕನ್ನಡ ವಾಕ್ಯದಲ್ಲಿ ಯಾವ ಕ್ರಿಯೆ ದೊಡ್ಡದು, ಯಾವುದು ಬರೀ ಬೆಂಬಲಕ್ಕೆ ಬಂದದ್ದು ಎಂಬ ಭೇದ ಇತ್ತು. ಅದು ಇಲ್ಲಿ ಅಳಿಸಿಹೋಗಿದೆ. 'ಬೆಳಗ್ಗೆ ಎದ್ದು ತುಳಿದು' ಎಂದಾಗ ಸಿದ್ದಯ್ಯ ಹಾಸಿಗೆಯಿಂದ ಎದ್ದದ್ದು ಸುದ್ದಿಯೇ ಅಲ್ಲ.

ಹಾಗಾದರೆ ಭೇದವನ್ನು ಗುರುತಿಸುವುದು ಹೇಗೆ? ಕಥೆ ಹೇಳುವ ಹಟ್ಟಿಗೆ ಹೋಗಬೇಕು. ಕಥೆ ಹೇಳುವವರ ಎದುರಿಗೆ ಹೂಂಗುಟ್ಟುವವರು ಒಬ್ಬರು ಇರಬೇಕೆಂಬುದು ನಮ್ಮಲ್ಲಿ ಹಳೆಯ ರೂಢಿ. ಆ 'ಹೂಂ' ಎಲ್ಲೆಂದರಲ್ಲಿ ಬೀಳುವುದಿಲ್ಲ. 'ಹೊತ್ತುಕೊಂಡು' ಎಂದ ತಕ್ಷಣ ಯಾರೂ ಹೂಂ ಅನ್ನುವುದಿಲ್ಲ, 'ಹೊತ್ತುಕೊಂಡು ಹೋಗಿ' ಎಂದ ಮೇಲೆ ಅನ್ನುತ್ತಾರೆ. 'ಆರಿಸಿ' ಎಂದಾಗ ಇಲ್ಲ, 'ಆರಿಸಿ ತೆಗೆದು' ಎಂದಾಗ ಉಂಟು. ಅಂದರೆ ಕೇಳುಗ ಕ್ರಿಯಾರೂಪಗಳನ್ನು ಎಣಿಸುತ್ತಿಲ್ಲ, ಘಟನೆಗಳನ್ನು ಎಣಿಸುತ್ತಿದ್ದಾನೆ. ಕಥೆಗಾರರು ಇದಕ್ಕಿಂತ ದೊಡ್ಡ ಗಂಟನ್ನೂ ತಾವೇ ತೋರಿಸಿಕೊಡುತ್ತಾರೆ. 'ಕಾಡಿಗೆ ಹೋದ. ಹೋಗಿ ನೋಡ್ತಾನೆ...' ಎಂದು, ಮುಗಿಸಿದ ಕ್ರಿಯೆಯನ್ನೇ ಮತ್ತೆ ಕೃದಂತ ಮಾಡಿಕೊಂಡು ಮುಂದಿನ ವಾಕ್ಯ ಹಿಡಿಯುವ ಬಗೆ ಎಲ್ಲರಿಗೂ ಗೊತ್ತು. ಜಾಗ ಬದಲಾದಾಗ, ಹೊತ್ತು ಸರಿದಾಗ, ಕೈಯಲ್ಲಿರುವ ವಸ್ತು ಬೇರೆಯಾದಾಗ, ಹೊಸಬರು ಬಂದಾಗ ಈ ಹಿಡಿತ ಬರುತ್ತದೆ. ಬರಹದ ವಾಕ್ಯದಲ್ಲಿ ಹೂಂ ಇರುವುದಿಲ್ಲ, 'ಹೋದ, ಹೋಗಿ' ಇರುವುದಿಲ್ಲ. ಆದರೆ ಅವು ಬೀಳಬಹುದಾಗಿದ್ದ ಜಾಗಗಳು ಇದ್ದೇ ಇರುತ್ತವೆ. ಇಂಗ್ಲಿಷಿನ ಕ್ರಿಯಾಪದಗಳು ಹೂಂ ಬೀಳುವಲ್ಲಿ ಬರಬೇಕು, ಪೂರ್ಣವಿರಾಮಗಳು 'ಹೋದ, ಹೋಗಿ' ಬರಬಹುದಾದಲ್ಲಿ.

ಸಿದ್ದಯ್ಯನ ವಾಕ್ಯದ ಮೇಲೆ ಇದನ್ನು ನಡೆಸಿ ನೋಡೋಣ. ಮೊದಲ ಕೆಲಸ ಕೊನೆಯಿಂದ ಶುರುವಾಗುತ್ತದೆ: ತೀರಿಸಿದವನು ಸಿದ್ದಯ್ಯ, ತೀರಿಸಿದ್ದು ಸಾಲ. ಆಮೇಲೆ 'ಮಾರಿದ ಹಣದಿಂದ' ಎಂಬಲ್ಲಿ ನಿಲ್ಲಬೇಕು, ಏಕೆಂದರೆ ತಂತ್ರವೆಲ್ಲ ಅಲ್ಲಿದೆ. ವ್ಯಾಕರಣದ ಪ್ರಕಾರ ಮಣ್ಣು ತಂದದ್ದರಿಂದ ಸಂತೆಗೆ ಹೋದದ್ದರವರೆಗೆ ಅಷ್ಟೂ ಕ್ರಿಯೆ 'ಮಾರಿದ' ಎಂಬುದಕ್ಕೆ ಕಟ್ಟಿಕೊಂಡಿದೆ, ಆ 'ಮಾರಿದ' ಹಣ ಎಂಬ ಒಂದು ನಾಮಪದದ ವಿಶೇಷಣವಾಗಿದೆ. ವ್ಯಾಕರಣವನ್ನು ನಂಬಿ ಹೋದರೆ ಇಡೀ ಕುಂಬಾರಿಕೆಯನ್ನು ಹಣದ ಬೆನ್ನಿಗೆ ಒಂದು ಉಪವಾಕ್ಯವಾಗಿ ಹೊರಿಸಬೇಕಾಗುತ್ತದೆ. ಕೇಳಿದವರು ಹಾಗೆ ಕೇಳಲಿಲ್ಲ. ಮಾರುವವರೆಗೂ ಒಂದು ಕಥೆ, ಹಣದಿಂದ ಇನ್ನೊಂದು. ಆದ್ದರಿಂದ ಇಲ್ಲೊಂದು ಪೂರ್ಣವಿರಾಮ ಖಂಡಿತ. ಬಳಿಕ ಹೂಂ ಬೀಳುವ ಜಾಗಗಳು: ತುಂಬಿಸಿಕೊಂಡು ಬಂದು, ಆರಿಸಿ ತೆಗೆದು, ನೆನೆಹಾಕಿ, ಎದ್ದು ತುಳಿದು ಹದಮಾಡಿ, ತಿಗರಿಯ ಮೇಲಿಟ್ಟು ಮಡಕೆ ಮಾಡಿ, ಒಣಗಿಸಿ, ಆವಿಗೆಯಲ್ಲಿಟ್ಟು ಸುಟ್ಟು, ಬೇರೆ ಮಾಡಿ, ಹೊತ್ತುಕೊಂಡು ಹೋಗಿ. 16 ರೂಪಗಳು, 9 ಘಟನೆಗಳು. ಉಳಿದ ಏಳು ಎಲ್ಲಿ ಹೋದವು? 'ತುಂಬಿಸಿಕೊಂಡು ಬಂದು' ಇಂಗ್ಲಿಷಿನಲ್ಲಿ 'ಕಾರ್ಟೆಡ್' ಎಂಬ ಒಂದೇ ಪದದಲ್ಲಿ ಅಡಗುತ್ತದೆ. 'ತುಳಿದು ಹದಮಾಡಿ' ಎಂಬುದು 'ಟ್ರಾಡ್ ಇಟ್ ಸಾಫ್ಟ್' ಆಗುತ್ತದೆ, ಹದಮಾಡುವ ಕ್ರಿಯೆ ಅಲ್ಲಿ ಬರೀ ವಿಶೇಷಣ. 'ತಿಗರಿಯ ಮೇಲಿಟ್ಟು' ಎಂಬಲ್ಲಿಯ ಇಡುವುದು 'ಆನ್ ದ ವೀಲ್' ಎಂಬ ಉಪಸರ್ಗದಲ್ಲಿ ಕರಗುತ್ತದೆ. 'ಎದ್ದು' ಬಿದ್ದುಹೋಗುತ್ತದೆ, 'ಇನ್ ದ ಮಾರ್ನಿಂಗ್' ಸಾಕು.

ಇನ್ನು ದೊಡ್ಡ ಗಂಟುಗಳು. ರಾತ್ರಿ ಕಳೆಯುವಲ್ಲಿ ಒಂದು, ಮಣ್ಣು ಮಡಕೆಯಾಗುವಲ್ಲಿ ಒಂದು, ಸುಟ್ಟ ಮೇಲೆ ಒಡಕು ಕಾಣುವಲ್ಲಿ ಒಂದು, ಹಣ ಬಂದಲ್ಲಿ ಒಂದು. ನಾಲ್ಕು ಗಂಟಿಗೆ ಐದು ವಾಕ್ಯ. 'ದೇ ಸೇ ಸಿದ್ದಯ್ಯ ಕಾರ್ಟೆಡ್ ಹಿಸ್ ಕ್ಲೇ ಫ್ರಮ್ ದ ಟ್ಯಾಂಕ್ ಬೆಡ್, ಪಿಕ್ಡ್ ಔಟ್ ದ ಸ್ಟೋನ್ಸ್ ಅಂಡ್ ಟ್ವಿಗ್ಸ್, ಅಂಡ್ ಲೆಫ್ಟ್ ದ ಕ್ಲೇ ಟು ಸೋಕ್ ಓವರ್‌ನೈಟ್. ಇನ್ ದ ಮಾರ್ನಿಂಗ್ ಹಿ ಟ್ರಾಡ್ ಇಟ್ ಸಾಫ್ಟ್. ಹಿ ಶೇಪ್ಡ್ ಹಿಸ್ ಪಾಟ್ಸ್ ಆನ್ ದ ವೀಲ್, ಡ್ರೈಡ್ ದೆಮ್ ಇನ್ ದ ಶೇಡ್ ಅಂಡ್ ಫೈರ್ಡ್ ದೆಮ್. ಸಮ್ ಹ್ಯಾಡ್ ಕ್ರ್ಯಾಕ್ಡ್; ಹಿ ಸೆಟ್ ದೋಸ್ ಅಸೈಡ್ ಅಂಡ್ ಕ್ಯಾರೀಡ್ ದ ರೆಸ್ಟ್ ಟು ಮಾರ್ಕೆಟ್. ವಿತ್ ವಾಟ್ ದೇ ಫೆಚ್ಡ್, ಹಿ ಈಸ್ ಸೆಡ್ ಟು ಹ್ಯಾವ್ ಪೇಯ್ಡ್ ಆಫ್ ದ ಡೆಟ್ ಫ್ರಮ್ ಹಿಸ್ ಡಾಟರ್ಸ್ ವೆಡಿಂಗ್.' ಐದೂ ಒಂದೇ ಅಳತೆಯವಲ್ಲ. ಎರಡನೆಯದು ತೀರ ಚಿಕ್ಕದು, ಇರಲಿ. ತುಳಿಯುವುದು ಒಂದೇ ಕೆಲಸವಾದರೂ ಬೆಳಗಿನ ಹೊತ್ತೆಲ್ಲ ಹಿಡಿಯುವ ಕೆಲಸ.

ಈ ಅನುವಾದದಲ್ಲಿ 'ದ ಕ್ಲೇ' ಎಂದು ಮಣ್ಣನ್ನು ಮತ್ತೊಮ್ಮೆ ಹೆಸರಿಟ್ಟು ಕರೆದಿರುವುದನ್ನು ಗಮನಿಸಿ. ಕನ್ನಡ ವಾಕ್ಯದಲ್ಲಿ 'ಮಣ್ಣನ್ನು' ಎಂದು ಒಮ್ಮೆ ಹೇಳಿದ ಮೇಲೆ ಮತ್ತೆ ಹೇಳುವುದಿಲ್ಲ. ಏನನ್ನು ನೆನೆಹಾಕಿದ, ಏನನ್ನು ತುಳಿದ ಎಂದರೆ ಉತ್ತರ ವಾಕ್ಯದಲ್ಲಿಲ್ಲ, ಕೇಳುಗನ ತಿಳಿವಳಿಕೆಯಲ್ಲಿದೆ. ಇಂಗ್ಲಿಷಿನ ಸಕರ್ಮಕ ಕ್ರಿಯಾಪದ ಕರ್ಮವಿಲ್ಲದೆ ನಿಲ್ಲಲು ಒಪ್ಪುವುದಿಲ್ಲ, ಅನುವಾದಕ ಸರ್ವನಾಮ ಹಾಕಲೇಬೇಕು. ಅವಸರದಲ್ಲಿ 'ಪಿಕ್ಡ್ ಔಟ್ ದ ಸ್ಟೋನ್ಸ್ ಅಂಡ್ ಟ್ವಿಗ್ಸ್ ಅಂಡ್ ಸೋಕ್ಡ್ ದೆಮ್' ಎಂದು ಬರೆದರೆ ಸಿದ್ದಯ್ಯ ಕಲ್ಲುಗಳನ್ನು ನೆನೆಹಾಕಿ, ಕಲ್ಲುಗಳನ್ನೇ ತುಳಿದು, ಕಲ್ಲಿನಿಂದಲೇ ಮಡಕೆ ಮಾಡಿರುತ್ತಾನೆ. ನಗು ಬರುವ ತಪ್ಪು, ಆದರೆ ಕಲ್ಲಿನ ಜಾಗದಲ್ಲಿ ಇಬ್ಬರು ಮನುಷ್ಯರಿದ್ದು 'ಹಿ', 'ಹಿಮ್' ಎಂದು ಬರುವಾಗ ನಗುವಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಕಡಿದ ವಾಕ್ಯಗಳನ್ನು ತಿದ್ದುವಾಗ ಪ್ರತಿ ಸರ್ವನಾಮದ ಮೇಲೂ ಬೆರಳಿಟ್ಟು, ಅದರ ಹಿಂದಿನ ಹತ್ತಿರದ ನಾಮಪದ ಯಾವುದು ಎಂದು ನೋಡುವುದೇ ಇದನ್ನು ಹಿಡಿಯುವ ದಾರಿ. ಎರಡೂ ಒಂದೇ ಆಗದಿದ್ದಲ್ಲಿ ಹೆಸರನ್ನೇ ಹಾಕಬೇಕು. ಕರ್ತೃವಿನಲ್ಲೂ ಹುಷಾರಿರಬೇಕು. ಸರಪಳಿಗೆಲ್ಲ ಒಬ್ಬನೇ ಕರ್ತೃ ಎಂಬುದು ಸಾಮಾನ್ಯ ನಿಯಮವಾದರೂ, 'ಮಳೆ ಬಂದು ಕೆರೆ ತುಂಬಿತು' ಎಂಬಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ. ಹೀಗೆ ಕರ್ತೃ ಬದಲಾದಾಗ ಕೃದಂತ ಸಾಮಾನ್ಯವಾಗಿ ಕಾರಣವನ್ನು ಹೇಳುತ್ತಿರುತ್ತದೆ. ಅಲ್ಲಿ ಪೂರ್ಣವಿರಾಮ ಹಾಕಿ ಕಾರಣವನ್ನೂ ಕಾರ್ಯವನ್ನೂ ಅಗಲಿಸಬಾರದು.

ಕೊನೆಯ 'ಅಂತೆ'ಗೆ ಬರೋಣ. ಎರಡಕ್ಷರದ ಇದು ಇಡೀ ವಾಕ್ಯದ ಹೊಣೆ ಹೊತ್ತಿದೆ. ಕೃದಂತಕ್ಕೆ ತನ್ನದೇ ಆದ ನಿಶ್ಚಯವಿಲ್ಲ; ಆಜ್ಞೆಯೋ, ಪ್ರಶ್ನೆಯೋ, ನಿಷೇಧವೋ, ಕೇಳಿದ ಸುದ್ದಿಯೋ, ಎಲ್ಲವನ್ನೂ ಅದು ಕೊನೆಯ ಕ್ರಿಯಾಪದದಿಂದ ಪಡೆಯುತ್ತದೆ. ವಾಕ್ಯವನ್ನು ಐದಾಗಿ ಕಡಿದಾಗ ಮೊದಲ ನಾಲ್ಕಕ್ಕೆ ಆ ಸಂಬಂಧ ಕಡಿದುಹೋಗುತ್ತದೆ. ಕೊನೆಯ ವಾಕ್ಯಕ್ಕೆ ಮಾತ್ರ 'ಈಸ್ ಸೆಡ್ ಟು' ಹಾಕಿ ಬಿಟ್ಟರೆ, ಮಣ್ಣು ತಂದದ್ದನ್ನೂ ಮಡಕೆ ಸುಟ್ಟದ್ದನ್ನೂ ಹೇಳುವವರು ಕಣ್ಣಾರೆ ಕಂಡ ಹಾಗೆ, ಸಾಲದ ಸಂಗತಿ ಮಾತ್ರ ಕೇಳಿದ ಹಾಗೆ ಆಗುತ್ತದೆ. ಅದಕ್ಕೇ ಮೇಲಿನ ಅನುವಾದದ ಬಾಗಿಲಲ್ಲೇ 'ದೇ ಸೇ' ಕೂತಿದೆ, ಕೊನೆಯಲ್ಲಿ ಮತ್ತೊಮ್ಮೆ ಬಂದಿದೆ. ಕಥೆಯಲ್ಲಿ ಇದು ರುಚಿಯ ಪ್ರಶ್ನೆ. ನ್ಯಾಯಾಲಯದಲ್ಲಿ ಹಾಗಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷಿಯ ಹೇಳಿಕೆ ಮೇಲ್ಮನವಿಯಲ್ಲಿ ಹೈಕೋರ್ಟಿಗೆ ಹೋಗುವಾಗ ಇಂಗ್ಲಿಷಾಗಬೇಕು. 1872ರ ಸಾಕ್ಷ್ಯ ಅಧಿನಿಯಮದಿಂದಲೂ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡದ್ದನ್ನು ಕಂಡವರೇ ಹೇಳಬೇಕು ಎಂಬುದು ನಿಯಮ. 'ರಾತ್ರಿ ಬಂದು ಬೀಗ ಒಡೆದು ಎತ್ತು ಹೊಡೆದುಕೊಂಡು ಹೋದರಂತೆ' ಎಂದ ಸಾಕ್ಷಿಯ ಮಾತನ್ನು ಮೂರು ವಾಕ್ಯ ಮಾಡಿ, 'ಅಂತೆ'ಯನ್ನು ಮೂರನೆಯದಕ್ಕೆ ಮಾತ್ರ ಕೊಟ್ಟರೆ, ಬೀಗ ಒಡೆದದ್ದಕ್ಕೆ ಆತ ಕಣ್ಣಿನ ಸಾಕ್ಷಿಯಾಗಿಬಿಡುತ್ತಾನೆ.

ನಿಷೇಧದಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. 'ಅವರು ನೋಟಿಸು ಕೊಟ್ಟು ಗೋಡೆ ಒಡೆಯಲಿಲ್ಲ.' ನೋಟಿಸು ಕೊಟ್ಟರು, ಆದರೆ ಒಡೆಯಲಿಲ್ಲ ಎಂದೂ ಆಗಬಹುದು. ಒಡೆದದ್ದು ನಿಜ, ನೋಟಿಸು ಕೊಟ್ಟು ಒಡೆದದ್ದಲ್ಲ ಎಂದೂ ಆಗಬಹುದು. ಮಾತಿನಲ್ಲಿ ಒತ್ತು ಯಾವುದೆಂದು ತಿಳಿಸುತ್ತದೆ, ಬರಹದಲ್ಲಿ ಸಂದರ್ಭ. 'ದೇ ಗೇವ್ ನೋಟಿಸ್. ದೇ ಡಿಡ್ ನಾಟ್ ಬ್ರೇಕ್ ದ ವಾಲ್' ಎಂದು ಕಡಿದ ಕ್ಷಣಕ್ಕೆ ಎರಡನೆಯ ಅರ್ಥ ಸತ್ತಿತು. ಆದ್ದರಿಂದ ಕೊನೆಯಲ್ಲಿ 'ಇಲ್ಲ' ಇರುವ ವಾಕ್ಯವನ್ನು ಕಡಿಯುವ ಮೊದಲು ಆ 'ಇಲ್ಲ' ಎಲ್ಲಿಯವರೆಗೆ ಚಾಚಿದೆ ಎಂದು ತೀರ್ಮಾನಿಸಬೇಕು. ತೀರ್ಮಾನಿಸಲು ಆಗದಿದ್ದರೆ ಕಡಿಯಬಾರದು. ಕರಾರುಪತ್ರ, ಆದೇಶ, ಹೇಳಿಕೆಗಳ ಅನುವಾದಕರು ಚಿಕ್ಕ ವಾಕ್ಯವೆಂದರೆ ಅನುಮಾನದಿಂದ ನೋಡುವುದು ಬರೀ ಹಟವಲ್ಲ. ಆದರೆ ಅವರ ಅನುಮಾನ ನ್ಯಾಯವಾಗುವುದು ಇಂಥ ವಾಕ್ಯಗಳಲ್ಲಿ, ಎಲ್ಲ ವಾಕ್ಯಗಳಲ್ಲೂ ಅಲ್ಲ.

ಸಾಹಿತ್ಯದ ಕಡೆಯಿಂದ ಬರುವ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಉದ್ದ ವಾಕ್ಯ ಲೇಖಕರ ಉಸಿರು, ಅದನ್ನು ತುಂಡರಿಸಿದರೆ ಉಳಿಯುವುದು ಸುದ್ದಿ ಮಾತ್ರ ಎನ್ನುತ್ತಾರೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ 2024ರಲ್ಲಿ. ಅಂಥ ಕಾದಂಬರಿಯ ವಾಕ್ಯಗಳಿಗೆ ಹೂಂ ಲೆಕ್ಕ ಹಾಕುತ್ತ ಕೂರುವುದೇ? ಎರಡು ಬಗೆಯ ಉದ್ದವನ್ನು ಬೇರೆ ಮಾಡಬೇಕು ಎಂಬುದು ನನ್ನ ಉತ್ತರ. ಒಂದು ಭಾಷೆ ತಾನಾಗಿ ಕೊಡುವ ಉದ್ದ, ಇನ್ನೊಂದು ಲೇಖಕ ಬೇಕೆಂದೇ ಎಳೆದ ಉದ್ದ. ಪರೀಕ್ಷೆ ಹೀಗೆ: ಆ ವಾಕ್ಯವನ್ನು ಗಂಟುಗಳಲ್ಲಿ ಬಿಡಿಸಿ ಕನ್ನಡದಲ್ಲೇ ನಾಲ್ಕು ವಾಕ್ಯವಾಗಿ ಬರೆದು ನೋಡಿ. ಓದಿಗೆ ಏನೂ ಕಳೆದಂತೆ ಅನ್ನಿಸದಿದ್ದರೆ ಉದ್ದ ಭಾಷೆಯದು, ಧೈರ್ಯವಾಗಿ ಕಡಿಯಬಹುದು. ಕನ್ನಡದಲ್ಲೇ ಏನೋ ಒಡೆದಂತೆ ಅನ್ನಿಸಿದರೆ, ಬೆಟ್ಟದ ನೆತ್ತಿಗೆ ಏರುತ್ತ ಹೋಗುವ ನೋಟವನ್ನೋ ನಿಲ್ಲದ ಯೋಚನೆಯನ್ನೋ ಆ ಉದ್ದ ಹಿಡಿದಿದ್ದರೆ, ಇಂಗ್ಲಿಷಿನಲ್ಲೂ ಒಂದೇ ವಾಕ್ಯ ಬೇಕು. ಆದರೆ ಅದನ್ನು ಅಲ್ಲಿಯ ಕ್ರಮದಲ್ಲಿ ಕಟ್ಟಬೇಕು: ಕರ್ತೃ, ಕ್ರಿಯೆ ಮೊದಲು ಬಂದು, 'ಅಂಡ್'ಗಳ ಮೇಲೆ ಬಲಕ್ಕೆ ಬೆಳೆಯುತ್ತ ಹೋಗಬೇಕು. ಈ ಪರೀಕ್ಷೆ ತಿರುಗುಮುರುಗಾಗಿಯೂ ನಡೆಯುತ್ತದೆ. ಲೇಖಕ 'ಬಂದನು. ನೋಡಿದನು. ಹೋದನು.' ಎಂದು ಬೇಕೆಂದೇ ತುಂಡು ಮಾಡಿದ್ದಲ್ಲಿ, ಅನುವಾದಕ ಆಗಲೇ ಎಲ್ಲೆಡೆ ಚಿಕ್ಕ ವಾಕ್ಯ ಹಾಕಿಬಿಟ್ಟಿದ್ದರೆ ಆ ಬಿರುಸು ತೋರಿಸಲು ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಚಿಕ್ಕ ವಾಕ್ಯಗಳು ಒಂದೇ ಅಳತೆಯವಾಗಬಾರದು ಎನ್ನುವುದಕ್ಕೆ ಇದೂ ಕಾರಣ.

ಇನ್ನೊಂದೇ ಪ್ರಶ್ನೆ ಉಳಿದಿದೆ. ಇಂಗ್ಲಿಷಿನಲ್ಲಿ ಮುಖ್ಯ ಸಂಗತಿ ಮೊದಲು ಬರಬೇಕು ಎಂದಾದರೆ, ಸಾಲ ತೀರಿಸಿದ್ದನ್ನೇ ಮೊದಲ ವಾಕ್ಯ ಮಾಡಬಾರದೇ? ಪತ್ರಿಕೆಯ ವರದಿಗಾರ ಹಾಗೇ ಮಾಡುತ್ತಾನೆ, ಅವನ ಮಟ್ಟಿಗೆ ಅದು ಸರಿ. ಅವನ ಓದುಗ ಶೀರ್ಷಿಕೆ ನೋಡಿಯೇ ಒಳಗೆ ಬಂದಿರುತ್ತಾನೆ. ಕಥೆಯ ಅನುವಾದಕ ಹಾಗೆ ಮಾಡಿದರೆ ವಾಕ್ಯದ ರಚನೆಯನ್ನಷ್ಟೇ ಅಲ್ಲ, ಯಾವುದನ್ನು ಯಾವಾಗ ತಿಳಿಸಬೇಕು ಎಂಬ ಲೇಖಕರ ಲೆಕ್ಕವನ್ನೇ ಬದಲಿಸುತ್ತಾನೆ. ಒಂದು ವಾಕ್ಯದ ಒಳಗೆ ಕರ್ತೃ, ಕ್ರಿಯೆ ಮುಂದೆ ಬರುವುದು ಇಂಗ್ಲಿಷಿನ ಕಟ್ಟಳೆ. ವಾಕ್ಯಗಳ ನಡುವಿನ ಅನುಕ್ರಮಕ್ಕೆ ಅಂಥ ಕಟ್ಟಳೆಯಿಲ್ಲ. ಅಲ್ಲಿ ಕನ್ನಡದ ಸಾಲನ್ನು ಹಾಗೇ ಉಳಿಸಿಕೊಳ್ಳಬಹುದು. ಕಡಿಯುವುದರಿಂದ ಸಿಗುವ ದೊಡ್ಡ ಲಾಭವೇ ಅದು: ಒಂದೇ ವಾಕ್ಯವಾಗಿ ಇಟ್ಟುಕೊಂಡಿದ್ದರೆ ಇಂಗ್ಲಿಷ್ ಸಿದ್ದಯ್ಯನನ್ನೂ ಸಾಲವನ್ನೂ ಮೊದಲೇ ಎಳೆದು ತಂದು ನಿಲ್ಲಿಸುತ್ತಿತ್ತು. ಐದಾಗಿ ಕಡಿದದ್ದರಿಂದ ಮಣ್ಣು ಮೊದಲು ಬರುತ್ತದೆ, ಮಡಕೆ ಆಮೇಲೆ, ಮಗಳ ಮದುವೆಯ ಸಾಲ ಕೊನೆಗೆ.